ಹಂತದ ಬಿಲ್ಲು ಸಭೆಗೆ ಬಂದಾಗ: ಒಂದು ಚರಂಡಿ ಕಾಮಗಾರಿಯ ಪರಿಶೀಲನೆ

ಗುತ್ತಿಗೆದಾರರ ಬಿಲ್ಲು ಗ್ರಾಮ ಪಂಚಾಯಿತಿ ಸಭೆಯಲ್ಲಿ ಮಂಡನೆಯಾದಾಗ ಸದಸ್ಯರ ಗಮನ ಸಾಮಾನ್ಯವಾಗಿ ಮೊತ್ತದ ಮೇಲೆ ಬೀಳುತ್ತದೆ. ಆದರೆ ಹಂತ ಹಂತವಾಗಿ ಹಣ ಪಾವತಿಸುವ ಕರಾರಿನಲ್ಲಿ ಮೊದಲು ಕೇಳಬೇಕಾದದ್ದು ಬೇರೆ: ಆ ಹಂತ ನಿಜಕ್ಕೂ ಮುಗಿದಿದೆಯೇ, ಮುಗಿದುದನ್ನು ಅಧಿಕೃತವಾಗಿ ಒಪ್ಪಿಕೊಳ್ಳಲಾಗಿದೆಯೇ? ಕೆಲಸ ಮುಗಿಯುವುದು ಗುತ್ತಿಗೆದಾರರ ಕೈಯಲ್ಲಿದೆ. ಒಪ್ಪಿಗೆ ಅಭಿಯಂತರರ ಅಳತೆಯಿಂದ ಬರುತ್ತದೆ. ಈ ಎರಡು ದಿನಾಂಕಗಳು ಒಂದೇ ಆಗಿರಬೇಕಿಲ್ಲ.

ಭದ್ರಾವತಿ ತಾಲ್ಲೂಕಿನ ಒಂದು ಗ್ರಾಮದಲ್ಲಿ, ಹದಿನೈದನೇ ಹಣಕಾಸು ಆಯೋಗದ ನಿರ್ಬಂಧಿತ ಅನುದಾನದ ನೈರ್ಮಲ್ಯ ಭಾಗದಿಂದ 120 ಮೀಟರ್ ಉದ್ದದ ಕಾಂಕ್ರೀಟ್ ಚರಂಡಿ ಕೈಗೊಂಡಿರುವುದಾಗಿ ಭಾವಿಸಿಕೊಳ್ಳೋಣ. ಜಿಎಸ್‌ಟಿ ಹೊರತುಪಡಿಸಿ ಕರಾರಿನ ಮೊತ್ತ 4,00,000 ರೂಪಾಯಿ. ಪೂರ್ಣ ಉದ್ದಕ್ಕೆ ಅಗೆದು ತಳದ ಕಾಂಕ್ರೀಟ್ ಹಾಕಿದಾಗ ಶೇ. 30, ಪಕ್ಕದ ಗೋಡೆಗಳಾದಾಗ ಶೇ. 45, ಮುಚ್ಚುಚಪ್ಪಡಿ ಹಾಗೂ ಅಂತಿಮ ಕೆಲಸಗಳಾದಾಗ ಶೇ. 25 ಎಂದು ಕರಾರು ಹೇಳುತ್ತದೆ. ಗುತ್ತಿಗೆದಾರರು ಮೊದಲ ಹಂತದ ಹಣ ಕೋರಿ ಪತ್ರ ನೀಡಿದ್ದಾರೆ.

ಆ ಪತ್ರದಲ್ಲಿ ಕಾಮಗಾರಿಯ ಹೆಸರು, ಕಾರ್ಯಾದೇಶದ ಸಂಖ್ಯೆ ಮತ್ತು ದಿನಾಂಕ, ಕೋರುತ್ತಿರುವ ಹಂತ, ಅದು ಪೂರ್ಣಗೊಂಡ ದಿನ, ಹಿಂದೆ ಪಡೆದ ಹಣ ಇವಿಷ್ಟು ಸ್ಪಷ್ಟವಾಗಿರಬೇಕು. "ಕೆಲಸ ಆಗಿದೆ, ಹಣ ಬಿಡುಗಡೆ ಮಾಡಿ" ಎಂಬ ಒಂದು ಸಾಲಿನ ಮನವಿಯ ಮೇಲೆ ಕಡತ ಮುಂದುವರಿಯಲಾರದು. ತೆರಿಗೆ ಇನ್‌ವಾಯ್ಸ್ ಹಾಗೂ ಕೆಲಸದ ಮೊದಲು, ನಡುವೆ ಮತ್ತು ನಂತರ ತೆಗೆದ, ಸ್ಥಳಸೂಚಕವಿರುವ ಛಾಯಾಚಿತ್ರಗಳು ಪತ್ರದೊಂದಿಗೆ ಇರಲಿ.

ನಂತರದ ಆಧಾರ ಅಳತೆ ಪುಸ್ತಕ. ಪಂಚಾಯತ್ ರಾಜ್ ಇಂಜಿನಿಯರಿಂಗ್ ಉಪವಿಭಾಗದ ಕಿರಿಯ ಅಭಿಯಂತರರು ಸ್ಥಳದಲ್ಲಿ ಅಳೆದು ದಾಖಲಿಸುತ್ತಾರೆ. ಮೇಲಧಿಕಾರಿಗಳು ಪರಿಶೀಲನಾ ಅಳತೆ ಮಾಡುತ್ತಾರೆ. ತಳದ ಅಗಲ 0.9 ಮೀಟರ್, ದಪ್ಪ 0.1 ಮೀಟರ್ ಎಂದಾದರೆ 120 ಮೀಟರಿಗೆ 10.8 ಘನ ಮೀಟರ್ ಕಾಂಕ್ರೀಟ್ ಆಗಬೇಕು. ಉದ್ದವನ್ನು ಮುಂದೆ ಯಾವಾಗ ಬೇಕಾದರೂ ಅಳೆಯಬಹುದು. ದಪ್ಪವನ್ನು ಮಾತ್ರ ಗೋಡೆ ಎದ್ದ ಮೇಲೆ, ಬದಿಗೆ ಮಣ್ಣು ತುಂಬಿದ ಮೇಲೆ ಒಡೆಯದೆ ನೋಡಲಾಗದು. ಆದ್ದರಿಂದ ಮರೆಯಾಗುವ ಭಾಗದ ಅಳತೆಯು ಮುಂದಿನ ಹಂತ ಆರಂಭವಾಗುವ ಮೊದಲೇ ಆಗಬೇಕು. ಅಳತೆಯ ದಿನಾಂಕ ಗೋಡೆ ಕೆಲಸದ ಛಾಯಾಚಿತ್ರದ ದಿನಾಂಕಕ್ಕಿಂತ ಈಚೆಗಿದ್ದರೆ, ದಪ್ಪವನ್ನು ಅಂದಾಜು ಪಟ್ಟಿಯಿಂದ ನಕಲು ಮಾಡಿರುವ ಸಾಧ್ಯತೆಯುಂಟು. ಸದಸ್ಯರು ಈ ಎರಡು ದಿನಾಂಕಗಳನ್ನು ಕೇಳಿದರೆ ಸಾಕು, ತಾಂತ್ರಿಕ ಜ್ಞಾನ ಬೇಕಿಲ್ಲ.

ಕಾಂಕ್ರೀಟಿನ ಬಲವೂ ಒಪ್ಪಿಗೆಯ ಭಾಗವೇ. ಎಂ-20 ಕಾಂಕ್ರೀಟ್ ಆದಲ್ಲಿ, ಕಾಂಕ್ರೀಟ್ ಹಾಕುವ ದಿನವೇ ತುಂಬಿದ 150 ಮಿ.ಮೀ. ಘನಗಳನ್ನು 28 ದಿನ ನೀರಿನಲ್ಲಿಟ್ಟು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗುತ್ತದೆ. ಹತ್ತನೇ ದಿನ ಬಿಲ್ಲು ಬಂದರೆ 7 ದಿನದ ಫಲಿತಾಂಶ ಮಾತ್ರ ಕೈಯಲ್ಲಿರುತ್ತದೆ. 28 ದಿನದ ವರದಿಗೆ ಕಾಯಬೇಕೇ ಎಂಬುದನ್ನು ಕರಾರೇ ನಿರ್ಧರಿಸಬೇಕು. ಬಿಲ್ಲು ಬಂದ ಮೇಲೆ ಹೊಸ ಷರತ್ತು ಹಾಕುವುದು ನ್ಯಾಯವಲ್ಲ.

ಈಗ ತೊಡಕಿನ ವಿಷಯ. ಅಳತೆಯಲ್ಲಿ 112 ಮೀಟರ್ ಮಾತ್ರ ಕಂಡಿತು. ಕುಡಿಯುವ ನೀರಿನ ಕೊಳವೆ ಅಡ್ಡ ಬಂದ ಕಡೆ 8 ಮೀಟರ್ ಉಳಿದಿದೆ ಎನ್ನೋಣ. ಅಳತೆಗೆ ತಕ್ಕಂತೆ ದರ ನೀಡುವ ಕರಾರಾಗಿದ್ದರೆ ಆದಷ್ಟಕ್ಕೆ ಹಣ ಕೊಡಬಹುದಿತ್ತು. ಇಲ್ಲಿ "ಪೂರ್ಣ ಉದ್ದ" ಎಂಬುದೇ ಷರತ್ತಾದ ಕಾರಣ ಹಂತ ಮುಗಿದಿಲ್ಲ. ಬಿಲ್ಲನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟುಕೊಳ್ಳದೆ, ಉಳಿದ ಭಾಗವನ್ನು ಹೆಸರಿಸಿ ಲಿಖಿತವಾಗಿ ಹಿಂತಿರುಗಿಸಬೇಕು. ಕೊಳವೆ ಸ್ಥಳಾಂತರ ಪಂಚಾಯಿತಿಯ ಹೊಣೆಯಾಗಿದ್ದರೆ ವಿಳಂಬವೂ ಪಂಚಾಯಿತಿಯದೇ. ಮಳೆಗಾಲದ ಹೊಸ್ತಿಲಲ್ಲಿ ಕೂಲಿ ಕೊಟ್ಟು ಕುಳಿತ ಗುತ್ತಿಗೆದಾರರನ್ನು ದೂರಿ ಪ್ರಯೋಜನವಿಲ್ಲ.

ಉಳಿದ 8 ಮೀಟರ್ ಮುಗಿದು ಅಳತೆ ದಾಖಲಾದ ಮೇಲೆ ಲೆಕ್ಕ ಸರಳ. ಹಂತದ ಮೊತ್ತ 1,20,000, ಶೇ. 18ರ ಜಿಎಸ್‌ಟಿ 21,600, ಒಟ್ಟು 1,41,600 ರೂಪಾಯಿ. ಗುತ್ತಿಗೆದಾರರು ವ್ಯಕ್ತಿಯಾಗಿದ್ದರೆ ಆದಾಯ ತೆರಿಗೆ ಶೇ. 1, ಕರಾರು ಎರಡೂವರೆ ಲಕ್ಷ ಮೀರಿರುವುದರಿಂದ ಜಿಎಸ್‌ಟಿ ಮೂಲ ಕಡಿತ ಶೇ. 2, ಕಟ್ಟಡ ಕಾರ್ಮಿಕರ ಸೆಸ್ ಶೇ. 1 ಹಾಗೂ ಈ ಕರಾರಿನಂತೆ ಭದ್ರತಾ ಠೇವಣಿ ಶೇ. 5, ಇವೆಲ್ಲ 1,20,000ದ ಮೇಲೆ ಲೆಕ್ಕಿಸಿ ಒಟ್ಟು 10,800. ಕೈಗೆ ಸಿಗುವುದು 1,30,800 ರೂಪಾಯಿ. ಕಡಿತಗಳನ್ನು ಬಿಲ್ಲಿನಲ್ಲೇ ಬಿಡಿಸಿ ತೋರಿಸಿದರೆ ಕಡಿಮೆ ಹಣ ಬಂತೆಂಬ ತಕರಾರು ಏಳದು.

ಸಭೆಯ ನಿರ್ಣಯದಲ್ಲಿ ಮೊತ್ತದೊಂದಿಗೆ ಅಳತೆ ಪುಸ್ತಕದ ಸಂಖ್ಯೆ, ಪುಟ ಮತ್ತು ಹಂತವನ್ನು ನಮೂದಿಸಬೇಕು. ಆಮೇಲೆ ಇ-ಗ್ರಾಮ್ ಸ್ವರಾಜ್ ತಂತ್ರಾಂಶದಲ್ಲಿ ವೋಚರ್ ಸಿದ್ಧವಾಗಿ, ಡಿಜಿಟಲ್ ಸಹಿಗಳಾದ ನಂತರ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ. ಖಾತೆ ಸಂಖ್ಯೆಯಲ್ಲಾಗಲಿ ಐಎಫ್‌ಎಸ್‌ಸಿ ಸಂಕೇತದಲ್ಲಾಗಲಿ ತಪ್ಪಿದ್ದರೆ ಪಾವತಿ ಹಿಂದಕ್ಕೆ ಬರುತ್ತದೆ. ಅಂಥ ಸಂದರ್ಭದಲ್ಲಿ ವಿವರ ಸರಿಪಡಿಸುವವರೆಗೆ ಎರಡನೇ ಹಂತದ ಬಿಲ್ಲಿನಲ್ಲಿ ಮೊದಲ ಹಂತವನ್ನು "ಪಾವತಿಯಾಗಿದೆ" ಎಂದು ತೋರಿಸಬಾರದು.