ನೋಡುವ ಜಾಗ ಒಂದು, ಬಾಗುವ ಜಾಗ ಇನ್ನೊಂದು

ಗೊಟ್ಟಿಗೆರೆಯಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಹೇಳುವಾಗ, ಗಿಡ ಬೆಳಕಿನ ಕಡೆ ಬಾಗುತ್ತದೆ ಎಂದು ಹೊಸದಾಗಿ ಕಲಿಸಬೇಕಾಗಿಯೇ ಇಲ್ಲ. ಬನ್ನೇರುಘಟ್ಟ ರಸ್ತೆಯ ಆಚೀಚೆ ಕಟ್ಟಡಗಳು ಒತ್ತೊತ್ತಾಗಿ ಎದ್ದಿವೆ. ಎರಡು ಮನೆಗಳ ನಡುವಿನ ಸಂದಿಯಿಂದ ಬೆಳಕು ಬರುವ ಬಾಲ್ಕನಿಯಲ್ಲಿ ತುಳಸಿ ಕುಂಡ ಇಟ್ಟವರ ಮಕ್ಕಳಿಗೆ ಅದು ಗೊತ್ತೇ ಇರುತ್ತದೆ. ಏಕೆ ಎಂದು ಕೇಳಿದರೆ ಮಾತ್ರ ಒಂದೇ ಉತ್ತರ: "ಬೆಳಕು ಎಳೆಯುತ್ತೆ ಸಾರ್." ಪುಸ್ತಕದ 'ದ್ಯುತಿ ಅನುವರ್ತನೆ' ಎಂಬ ಪದವನ್ನು ಬಾಯಿಪಾಠ ಮಾಡಿದ ಮೇಲೂ ಈ ಎಳೆತದ ಕಲ್ಪನೆ ತಲೆಯಿಂದ ಇಳಿಯುವುದಿಲ್ಲ.

ಅದನ್ನು ಇಳಿಸಿದ್ದು ಗೋಧಿ. ಪುಸ್ತಕದ ಚಟುವಟಿಕೆಯಲ್ಲಿ ಹುರುಳಿಕಾಯಿ ಜಾತಿಯ ಬೀಜ ಮೊಳಕೆ ಬರಿಸಿ, ಒಂದು ಬದಿ ತೆರೆದ ರಟ್ಟಿನ ಡಬ್ಬದಲ್ಲಿ ಇಡಲು ಹೇಳಿದೆ. ಬಾಗುವುದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಉತ್ತರ ಕರ್ನಾಟಕದಿಂದ ಬಂದ ಮನೆಯ ಹುಡುಗಿಯೊಬ್ಬಳು ನವರಾತ್ರಿಯಲ್ಲಿ ತಮ್ಮ ಮನೆಯಲ್ಲಿ ಘಟ ಇಟ್ಟು ಗೋಧಿ ಬಿತ್ತುವುದನ್ನು ಹೇಳಿದಾಗ ನನಗೆ ಬೇಕಾದ ಸಸಿ ಸಿಕ್ಕಿತು. ಮಬ್ಬಿನಲ್ಲಿ ಎದ್ದ ಆ ಹಳದಿ ಮೊಳಕೆಯ ಮೊದಲ ಎಲೆಯ ಸುತ್ತ ತುದಿ ಮುಚ್ಚಿದ ತೆಳು ಕೊಳವೆಯಂಥ ಒಂದು ಕವಚವಿರುತ್ತದೆ. ಆಕ್ಸಿನ್‌ನ ಚರಿತ್ರೆ ಬಹುಪಾಲು ನಡೆದದ್ದು ಹುಲ್ಲಿನ ಜಾತಿಯ ಈ ಕವಚದ ಮೇಲೆಯೇ. ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ ತಮ್ಮ 1880ರ ಪುಸ್ತಕದಲ್ಲಿ ವಿವರಿಸಿದ ಪ್ರಯೋಗಕ್ಕೆ ಬಳಸಿದ್ದು ಕ್ಯಾನರಿ ಹುಲ್ಲು. ನಮಗೆ ಅಂಗಡಿಯ ಗೋಧಿ ಸಾಕು.

ಗೋಧಿಯನ್ನು ರಾತ್ರಿ ನೆನೆಸಿ, ಒದ್ದೆ ಮರಳು ತುಂಬಿದ ಲೋಟಗಳಲ್ಲಿ ಊರಿ, ಬೀರುವಿನ ಕತ್ತಲಲ್ಲಿ ಇಡುತ್ತೇವೆ. ಮೂರು ನಾಲ್ಕು ದಿನಕ್ಕೆ ಕವಚ ಎರಡು ಸೆಂಟಿಮೀಟರ್ ಮೇಲೆ ಬಂದಿರುತ್ತದೆ. ಆಗಲೇ ಪ್ರಯೋಗ ಆಗಬೇಕು. ಶನಿವಾರ ಮುಗಿಸದೆ ಸೋಮವಾರಕ್ಕೆ ಬಿಟ್ಟರೆ ಒಳಗಿನ ಎಲೆ ಕವಚವನ್ನು ಸೀಳಿಕೊಂಡು ಹೊರಬಂದಿರುತ್ತದೆ. ಹಸಿರು ಎಲೆ ಕಂಡ ಸಸಿಯನ್ನು ಕಿತ್ತುಹಾಕಿ ಎನ್ನುತ್ತೇನೆ. ಅದರಿಂದ ಬರುವ ಫಲಿತಾಂಶ ನಂಬುವಂಥದ್ದಲ್ಲ.

ಲೋಟಗಳನ್ನು ನಾಲ್ಕು ಗುಂಪು ಮಾಡುತ್ತೇವೆ. ಒಂದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ತುದಿಯ ಐದು ಮಿಲಿಮೀಟರ್ ಮುಚ್ಚುವಂತೆ ಅಲ್ಯೂಮಿನಿಯಂ ಫಾಯಿಲ್‌ನ ಪುಟ್ಟ ಟೋಪಿ. ಪೆನ್ನಿನ ರೀಫಿಲ್ ತುದಿಗೆ ಸುತ್ತಿ, ಮೇಲ್ಗಡೆ ಹಿಚುಕಿ ತೆಗೆದರೆ ಟೋಪಿ ಆಯಿತು. ಮೂರನೆಯದಕ್ಕೆ ತುದಿ ಬಿಟ್ಟು ಕೆಳಭಾಗಕ್ಕೆ ಮಾತ್ರ ಸಡಿಲವಾದ ಫಾಯಿಲ್ ಕೊಳವೆ. ನಾಲ್ಕನೆಯದಕ್ಕೆ ಪಾರದರ್ಶಕ ಪ್ಲಾಸ್ಟಿಕ್‌ನ ಟೋಪಿ. ಈ ನಾಲ್ಕನೆಯದನ್ನು ಬಿಡುವಂತಿಲ್ಲ. "ಟೋಪಿ ಭಾರಕ್ಕೆ ಬಾಗಲಿಲ್ಲ" ಎಂದು ಹಿಂದಿನ ಬೆಂಚಿನಿಂದ ಬರುವ ಆಕ್ಷೇಪಕ್ಕೆ ಉತ್ತರ ಅದರಲ್ಲಿದೆ. ಎಲ್ಲವನ್ನೂ ಒಂದೇ ಕಡೆ ಕಿಂಡಿಯಿರುವ ಶೂ ಡಬ್ಬದಲ್ಲಿಟ್ಟು, ಮುಚ್ಚಳದ ಅಂಚಿಗೆ ಕರಿ ಇನ್ಸುಲೇಷನ್ ಟೇಪ್ ಸುತ್ತಬೇಕು. ಮುಚ್ಚಳದ ಸಂದಿಯಿಂದ ಬೆಳಕು ನುಸುಳಿದರೆ ಸಸಿಗಳು ದಿಕ್ಕಿಗೊಂದರಂತೆ ನಿಂತಿರುತ್ತವೆ. ಡಬ್ಬ ಸೋರುತ್ತಿದೆ ಎನ್ನುವುದಕ್ಕೆ ಅದೇ ಗುರುತು.

ಸಂಜೆಯ ಹೊತ್ತಿಗೆ ಬಯಲಾದ ಸಸಿಗಳು, ಪಾರದರ್ಶಕ ಟೋಪಿಯವು, ಕೆಳಗೆ ಮುಚ್ಚಿಸಿಕೊಂಡವು ಕಿಂಡಿಯತ್ತ ಬಾಗಿರುತ್ತವೆ. ಫಾಯಿಲ್ ಟೋಪಿ ತೊಟ್ಟವು ನೆಟ್ಟಗೆ ನಿಂತಿರುತ್ತವೆ. ಬಾಗಿದ ಜಾಗ ತುದಿಯಲ್ಲ, ಅದರ ಕೆಳಗೆ. ಬೆಳಕನ್ನು ನೋಡುವುದು ತುದಿ, ಬಾಗುವುದು ಕೆಳಗಿನ ಭಾಗ ಎಂದಾದರೆ ನಡುವೆ ಏನೋ ಸಾಗಿಬರಲೇಬೇಕು. ಎಳೆತದ ಕಲ್ಪನೆಗೆ ಮೊದಲ ಪೆಟ್ಟು ಬೀಳುವುದು ಇಲ್ಲಿ.

ಎರಡನೆಯ ಪೆಟ್ಟು ಪೆನ್ನಿನದು. ಬಾಗುವ ಮುಂಚೆ ಕವಚದ ಎರಡೂ ಮಗ್ಗುಲಿಗೆ, ಕಿಂಡಿಯ ಕಡೆ ಮತ್ತು ನೆರಳಿನ ಕಡೆ, ಎರಡೆರಡು ಮಿಲಿಮೀಟರ್‌ಗೆ ಚುಕ್ಕೆ ಇಡಿಸುತ್ತೇನೆ. ಬಾಗಿದ ಮೇಲೆ ನೋಡಿದರೆ ನೆರಳಿನ ಕಡೆಯ ಚುಕ್ಕೆಗಳ ನಡುವಿನ ಅಂತರ ಹೆಚ್ಚಾಗಿರುತ್ತದೆ. ಸಸಿಯನ್ನು ಬೆಳಕು ಎಳೆದಿಲ್ಲ. ಕತ್ತಲ ಮಗ್ಗುಲು ಉದ್ದವಾಗಿ ಅದನ್ನು ಆಚೆಗೆ ದೂಡಿದೆ.

ಸಾಗಿಬರುವ ಆ 'ಏನೋ' ಒಂದು ರಾಸಾಯನಿಕ ಎಂದು ಹಾಲೆಂಡಿನ ಫ್ರಿಟ್ಸ್ ವೆಂಟ್ 1920ರ ದಶಕದಲ್ಲಿ ತೋರಿಸಿದರು. ಓಟ್ಸ್ ಮೊಳಕೆಯ ಕತ್ತರಿಸಿದ ತುದಿಗಳನ್ನು ಅಗರ್ ತುಂಡಿನ ಮೇಲೆ ಇಟ್ಟು, ಆಮೇಲೆ ಆ ಬರೀ ಅಗರ್ ತುಂಡನ್ನು ತುದಿಯಿಲ್ಲದ ಮೊಳಕೆಯ ಒಂದು ಮಗ್ಗುಲಿಗೆ ಇಟ್ಟರು. ಮೊಳಕೆ ಕತ್ತಲಲ್ಲೇ, ತುಂಡು ಇಲ್ಲದ ಕಡೆಗೆ ಬಾಗಿತು. ಅದು ಆಕ್ಸಿನ್. ಕಾಂಡದ ಜೀವಕೋಶಗಳಲ್ಲಿ ಅದು ಗೋಡೆಯನ್ನು ಆಮ್ಲೀಯವಾಗಿಸಿ ಸಡಿಲಿಸುತ್ತದೆ; ಒಳಗಿನ ನೀರಿನ ಒತ್ತಡಕ್ಕೆ ಕೋಶ ಉದ್ದವಾಗುತ್ತದೆ.

ಬೆಳಕಿಗೆ ಆಕ್ಸಿನ್ ನಾಶವಾಗುತ್ತದೆ ಎಂದು ಕೆಲವು ಗೈಡುಗಳಲ್ಲಿ ಬರೆದಿರುತ್ತಾರೆ. ಅದು ಸರಿಯಲ್ಲ. ಮೆಕ್ಕೆಜೋಳದ ಮೊಳಕೆಗಳಲ್ಲಿ ಅಮೆರಿಕದ ವಿನ್‌ಸ್ಲೊ ಬ್ರಿಗ್ಸ್ 1957ರಲ್ಲಿ ಅಳೆದಾಗ, ಕತ್ತಲಲ್ಲಿಟ್ಟ ತುದಿಗೂ ಒಂದು ಕಡೆಯಿಂದ ಬೆಳಕು ಬಿದ್ದ ತುದಿಗೂ ಒಟ್ಟು ಆಕ್ಸಿನ್ ಹೆಚ್ಚುಕಡಿಮೆ ಅಷ್ಟೇ ಇತ್ತು. ಹಂಚಿಕೆ ಮಾತ್ರ ಬದಲಾಗಿತ್ತು, ನೆರಳಿನ ಕಡೆ ಹೆಚ್ಚು. ತುದಿಯನ್ನು ಉದ್ದಕ್ಕೆ ಸೀಳಿ ನಡುವೆ ತೆಳು ಗಾಜಿನ ತಡೆ ಇಟ್ಟರೆ ಆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಅಡ್ಡಕ್ಕೆ ಸಾಗಿದ್ದು ನಿಜ. ಇದನ್ನು ಶುರುಮಾಡಿಸುವುದು ನೀಲಿ ಬೆಳಕು. ಕಿಂಡಿಗೆ ಕೆಂಪು ಗ್ಲಾಸ್‌ಪೇಪರನ್ನು ಎರಡು ಮೂರು ಪದರ ಅಂಟಿಸಿದರೆ ಸಸಿ ಕಿಂಡಿಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಒಂದೇ ಪದರ ಹಾಕಿದರೆ ಬೇರೆ ಬಣ್ಣವೂ ನುಸುಳಿ ಗೊಂದಲವಾಗುತ್ತದೆ.

ಗುರುತ್ವದ ಪಾಠಕ್ಕೆ ಹೆಸರುಕಾಳು. ಗಾಜಿನ ಲೋಟದ ಒಳಗೋಡೆಗೆ ಒದ್ದೆ ಟಿಶ್ಯೂ ಒತ್ತಿ, ಗಾಜಿಗೂ ಟಿಶ್ಯೂವಿಗೂ ನಡುವೆ ಮೊಳಕೆ ಕಾಳು ಸಿಕ್ಕಿಸಿ, ಬೇರು ಎರಡು ಸೆಂಟಿಮೀಟರ್ ಆದಾಗ ಲೋಟವನ್ನು ಅಡ್ಡ ಮಲಗಿಸಿ ಕತ್ತಲಲ್ಲಿಡಬೇಕು. ಕತ್ತಲು ಇಲ್ಲಿ ಕಡ್ಡಾಯ, ಇಲ್ಲವಾದರೆ ಕಾಂಡ ಎದ್ದದ್ದು ಬೆಳಕಿಗೋ ಗುರುತ್ವಕ್ಕೋ ಹೇಳಲಾಗದು. ಟಿಶ್ಯೂ ಎಲ್ಲ ಕಡೆ ಸಮನಾಗಿ ಒದ್ದೆಯಿರಬೇಕು. ನೀರು ಒಂದೇ ಕಡೆ ನಿಂತಿದ್ದರೆ ಬೇರು ತೇವದ ಕಡೆಗೂ ತಿರುಗಬಲ್ಲದು. ಮಾರನೆಯ ದಿನ ಬೇರು ಕೆಳಗೆ, ಕಾಂಡ ಮೇಲೆ.

ಇಲ್ಲಿ ಮಕ್ಕಳು ನನ್ನನ್ನೇ ಸಿಕ್ಕಿಹಾಕಿಸಲು ನೋಡುತ್ತಾರೆ. ಮಲಗಿದ ಸಸಿಯಲ್ಲಿ ಆಕ್ಸಿನ್ ಕಾಂಡದಲ್ಲೂ ಬೇರಿನಲ್ಲೂ ಕೆಳಮಗ್ಗುಲಿಗೇ ಸೇರುತ್ತದೆ ಎಂದಿರಿ, ಹಾಗಾದರೆ ಎರಡೂ ಒಂದೇ ಕಡೆ ಬಾಗಬೇಕಲ್ಲ? ನ್ಯಾಯವಾದ ಪ್ರಶ್ನೆ. ಉತ್ತರ ಪ್ರಮಾಣದಲ್ಲಿದೆ. ಕಾಂಡವನ್ನು ಬೆಳೆಸುವಷ್ಟು ಆಕ್ಸಿನ್ ಬೇರಿಗೆ ಅತಿಯಾಯಿತು. ಅಲ್ಲಿ ಅದು ಬೆಳವಣಿಗೆಯನ್ನು ತಡೆಯುತ್ತದೆ. ಕಾಂಡದ ಕೆಳಮಗ್ಗುಲು ಉದ್ದವಾಗಿ ಕಾಂಡ ಏಳುತ್ತದೆ, ಬೇರಿನ ಕೆಳಮಗ್ಗುಲು ನಿಧಾನವಾಗಿ ಬೇರು ಇಳಿಯುತ್ತದೆ. ನಮ್ಮೂರ ಅಡುಗೆಯ ಉಪ್ಪಿನ ಹಾಗೆ: ಉಪ್ಪಿನಕಾಯಿಗೆ ಹಾಕುವಷ್ಟನ್ನು ಸಾರಿಗೆ ಹಾಕಿದರೆ ಕೆಟ್ಟಿತು.

ಕೆಳಗೆ ಯಾವುದು ಎಂದು ಬೇರಿಗೆ ತಿಳಿಸುವುದು ಬೇರಿನ ಟೋಪಿಯ ಕೋಶಗಳಲ್ಲಿರುವ ಪಿಷ್ಟದ ಕಣಗಳು. ಬೇರು ಮಲಗಿದ ಕೆಲವೇ ನಿಮಿಷಗಳಲ್ಲಿ ಅವು ಕೋಶದ ಹೊಸ ತಳಕ್ಕೆ ಜಾರುತ್ತವೆ. ಆಕ್ಸಿನ್ ಹೊರಗೆ ಸಾಗಿಸುವ ಪಿನ್ ಎಂಬ ಪ್ರೋಟೀನ್‌ಗಳು ಕೋಶದ ಕೆಳಬದಿಗೆ ಹೆಚ್ಚಾಗಿ ಸೇರುತ್ತವೆ. ಬ್ಲೇಡಿನಿಂದ ತುದಿಯ ಒಂದು ಮಿಲಿಮೀಟರ್‌ನಷ್ಟು ಮಾತ್ರ ತೆಗೆದ ಬೇರು ಬೆಳೆಯುತ್ತಲೇ ಇರುತ್ತದೆ, ಆದರೆ ಅಡ್ಡಡ್ಡ. ಹೆಚ್ಚು ಕತ್ತರಿಸಿದರೆ ಬೆಳವಣಿಗೆಯೇ ನಿಂತುಬಿಡುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಒಂದೆರಡು ದಿನ ಬಿಟ್ಟರೆ ಹೊಸ ತುದಿ ಕೂಡಿ ಬೇರು ಮತ್ತೆ ಕೆಳಮುಖವಾಗಬಹುದು.

ಗೋಧಿಯ ಟೋಪಿ ಪ್ರಯೋಗವನ್ನು ಹೆಸರುಕಾಳಿನ ಹಸಿರು ಸಸಿಗೂ ಮಾಡಿ ಎಂದರೆ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ತುದಿ ಮುಚ್ಚಿದರೂ ಸಸಿ ಬಾಗಬಹುದು. ಏಕೆಂದರೆ ದ್ವಿದಳದ ಇಂಥ ಸಸಿಗಳಲ್ಲಿ ನೀಲಿ ಬೆಳಕನ್ನು ಗ್ರಹಿಸುವ ಫೋಟೊಟ್ರೋಪಿನ್ ಕಾಂಡದಲ್ಲೂ ಇದೆ. 'ತುದಿಯೇ ನೋಡುತ್ತದೆ' ಎಂಬ ಮಾತು ಹುಲ್ಲಿನ ಕವಚಕ್ಕೆ ಚೆನ್ನಾಗಿ ಒಪ್ಪುತ್ತದೆ, ಬಾಲ್ಕನಿಯ ತುಳಸಿಗೆ ಅಷ್ಟಾಗಿ ಒಪ್ಪುವುದಿಲ್ಲ. ಹಾಗಾಗಿ ನೋಟ್ಸ್‌ನಲ್ಲಿ ಫಲಿತಾಂಶದ ಪಕ್ಕ ಗೋಧಿಯೋ ಹೆಸರೋ ಎಂದು ಬರೆಯದವರಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ.