ತಗಡಿನ ಮಡಿಕೆಯಲ್ಲಿ ಸತು ಏಕೆ ಬಿರಿಯುತ್ತದೆ?

ನಾಗಪುರದ ಬೇಸಿಗೆ ಕಂಡವರಿಗೆ ಕೂಲರಿನ ಪರಿಚಯವನ್ನು ಹೇಳಬೇಕಾಗಿಲ್ಲ. ಜಿ.ಐ. ತಗಡಿನಿಂದ ಮಾಡಿದ ಹಳೆಯ ಕೂಲರೊಂದನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಚಪ್ಪಟೆ ಭಾಗ ಇನ್ನೂ ಬೂದುಬಣ್ಣದಲ್ಲಿ ಗಟ್ಟಿಯಾಗಿರುವಾಗಲೇ ಮೂಲೆಯ ಮಡಿಕೆಯುದ್ದಕ್ಕೂ ತುಕ್ಕಿನ ಕೆಂಪು ಗೆರೆ ಮೂಡಿರುತ್ತದೆ. ಕತ್ತರಿಸಿದ ಅಂಚು, ಗೀರು, ಸದಾ ನಿಂತ ನೀರು ಇವೂ ತುಕ್ಕಿಗೆ ಕಾರಣಗಳೇ. ಆದರೆ ಮಡಿಕೆಗೆ ತನ್ನದೇ ಆದ ಇನ್ನೊಂದು ಕಾರಣವುಂಟು. ಅಲ್ಲಿ ಒಳಗಿನ ಉಕ್ಕು ಬಗ್ಗಿತು. ಮೇಲಿನ ಸತುವಿಗೆ ಹಾಗೆಯೇ ಬಗ್ಗಲು ಆಗಲಿಲ್ಲ. ಒಂದೇ ಪೆಟ್ಟಿಗೆ ಎರಡು ಲೋಹಗಳು ಎರಡು ಬಗೆಯಾಗಿ ಏಕೆ ನಡೆದುಕೊಂಡವು ಎಂಬುದನ್ನು ಇಲ್ಲಿ ವಿಚಾರಿಸೋಣ.

ಲೋಹವೆಲ್ಲವೂ ಹರಳುಗಳ ಗುಂಪು. ಹೊಸ ಜಿ.ಐ. ತಗಡಿನ ಮೇಲೆ ಹೂವಿನಂತೆ ಹೊಳೆಯುವ ಚಿತ್ತಾರವಿರುತ್ತದಲ್ಲ, ಅದರ ಒಂದೊಂದು ಹೂವೂ ಸತುವಿನ ಒಂದೊಂದು ಹರಳು. ಈಚಿನ ತಗಡುಗಳಲ್ಲಿ ಈ ಹೂಗಳನ್ನು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಮಾಡುವುದೂ ಉಂಟು. ಹರಳಿನೊಳಗೆ ಪರಮಾಣುಗಳು ಪದರ ಪದರವಾಗಿ ಅಚ್ಚುಕಟ್ಟಾಗಿ ಕುಳಿತಿರುತ್ತವೆ. ಲೋಹವನ್ನು ಬಗ್ಗಿಸುವಾಗ ಸಾಮಾನ್ಯವಾಗಿ ಒಂದು ಪದರ ಇನ್ನೊಂದರ ಮೇಲೆ ಇಸ್ಪೀಟಿನ ಎಲೆಯಂತೆ ಜಾರುತ್ತದೆ. ಜಾರಿದ ಪದರ ಪೂರ್ಣ ಹೆಜ್ಜೆಯಿಟ್ಟು ಮುಂದಿನ ಪರಮಾಣುವಿನ ಸ್ಥಾನದಲ್ಲಿ ಕೂರುವುದರಿಂದ ಹರಳಿನ ದಿಕ್ಕು ಬದಲಾಗುವುದಿಲ್ಲ. ಇದಕ್ಕೆ ಜಾರುವಿಕೆ, ಅಥವಾ ಸ್ಲಿಪ್, ಎಂದು ಹೆಸರು.

ಇನ್ನೊಂದು ಬಗೆಯಲ್ಲಿ ಪ್ರತಿ ಪದರವೂ ತನ್ನ ಕೆಳಗಿನದಕ್ಕಿಂತ ಹೆಜ್ಜೆಯ ಒಂದು ಅಂಶದಷ್ಟು ಮಾತ್ರ ಸರಿಯುತ್ತದೆ. ನೂರಾರು ಪದರಗಳು ಸಾಲಾಗಿ ಹೀಗೆ ಸರಿದಾಗ ಹರಳಿನ ಒಂದು ಪಟ್ಟಿಯೇ ಪಕ್ಕದ ಭಾಗದ ಕನ್ನಡಿಬಿಂಬವಾಗಿ ನಿಲ್ಲುತ್ತದೆ. ಇದು ಅವಳಿಯಾಗುವುದು, ಅಥವಾ ಟ್ವಿನಿಂಗ್. ಇಲ್ಲಿ ಹರಳಿನ ದಿಕ್ಕೇ ಬದಲಾಗುತ್ತದೆ. ಕಲಾಯಿಗೆ ಬಳಸುವ ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಕರಕರ ಎಂಬ ಸದ್ದು ಕೇಳುತ್ತದೆ. ಅದು ಅವಳಿಪಟ್ಟಿಗಳು ಥಟ್ಟನೆ ಹುಟ್ಟುವ ಸದ್ದು.

ಈಗ ನಮ್ಮ ತಗಡಿಗೆ ಬರೋಣ. ಸತುವಿನ ಹರಳು ಷಟ್ಕೋನ ಜಾತಿಯದು. ಆರು ಮೂಲೆಯ ಹೆಂಚುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅದರ ರಚನೆ. ಪೇರಿಸಿದ ಪದರಗಳ ನಡುವಿನ ಅಂತರ ದೊಡ್ಡದು. ಆದ್ದರಿಂದ ಆ ಪದರಗಳ ಮೇಲೆ ಜಾರುವುದು ಬಹಳ ಸುಲಭ, ಬೇರೆ ಕಡೆ ಬಹಳ ಕಷ್ಟ. ಕರಗಿದ ಸತುವಿನಲ್ಲಿ ತಗಡನ್ನು ಅದ್ದಿ ತೆಗೆದಾಗ ಬಹುಪಾಲು ಹರಳುಗಳು ಈ ಹೆಂಚಿನ ಪದರ ತಗಡಿನ ಮೈಗೆ ಸಮನಾಗಿ ಮಲಗುವಂತೆ ಬೆಳೆಯುತ್ತವೆ. ತೊಡಕು ಇರುವುದು ಇಲ್ಲಿಯೇ.

ತಗಡನ್ನು ಮಡಿಚಿದಾಗ ಹೊರಮೈ ಉದ್ದಕ್ಕೆ ಎಳೆಯಲ್ಪಡುತ್ತದೆ. ಎಳೆದುದು ತೆಳ್ಳಗಾಗಬೇಕು, ಎಂದರೆ ಸತುವಿನ ಲೇಪ ದಪ್ಪದ ದಿಕ್ಕಿನಲ್ಲಿ ಕುಗ್ಗಬೇಕು. ಮೇಜಿನ ಮೇಲೆ ಮಲಗಿಸಿದ ಇಸ್ಪೀಟಿನ ಕಟ್ಟನ್ನು ಎಲೆಗಳನ್ನು ಅಡ್ಡಕ್ಕೆ ಜಾರಿಸಿ ತೆಳ್ಳಗೆ ಮಾಡಬಲ್ಲಿರಾ? ಎಷ್ಟು ಜಾರಿಸಿದರೂ ಕಟ್ಟಿನ ದಪ್ಪ ಅಷ್ಟೇ. ಸತುವಿನ ಪಾಡೂ ಅದೇ. ಸುಲಭವಾದ ಜಾರುವಿಕೆ ಇದ್ದೂ ಬೇಕಾದ ದಿಕ್ಕಿನಲ್ಲಿ ಅದು ನೆರವಿಗೆ ಬರುವುದಿಲ್ಲ. ಕೆಳಗಿನ ಉಕ್ಕಿಗೆ ಈ ಕಷ್ಟವಿಲ್ಲ. ಕಬ್ಬಿಣದ ಹರಳು ಘನಾಕೃತಿಯದು. ಓರೆಯಾಗಿ ನಾಲ್ಕಾರು ಕಡೆ ಹರಡಿದ ಜಾರುಪದರಗಳು ಅದರಲ್ಲಿವೆ. ಅಲ್ಯೂಮಿನಿಯಮ್ಮೂ ಘನಾಕೃತಿಯದೇ, ಅದರಲ್ಲಿ ನಾಲ್ಕು ಪದರಜಾತಿ, ಒಂದೊಂದರಲ್ಲಿ ಮೂರು ದಿಕ್ಕು, ಒಟ್ಟು ಹನ್ನೆರಡು ದಾರಿ. ಹರಳು ಯಾವ ಆಕಾರವನ್ನಾದರೂ ತಾಳಲು ಪರಸ್ಪರ ಸ್ವತಂತ್ರವಾದ ಐದು ದಾರಿಗಳಿರಬೇಕೆಂದು 1928ರಲ್ಲಿ ಫಾನ್ ಮಿಸಸ್ ಎಂಬ ವಿದ್ವಾಂಸರು ತೋರಿಸಿದರು. ಸತುವಿನ ಸುಲಭದ ಪದರದಲ್ಲಿ ಇರುವುದು ಎರಡೇ.

ಜಾರಲು ದಾರಿಯಿಲ್ಲದ ಸತು ಅವಳಿಯಾಗುತ್ತದೆ. ಹೇಗೆಂಬುದನ್ನು ಅಳತೆಯಿಂದಲೇ ನೋಡಬಹುದು. ಪದರದೊಳಗೆ ಅಕ್ಕಪಕ್ಕದ ಎರಡು ಪರಮಾಣುಗಳ ದೂರವನ್ನು 1 ಎಂದಿಟ್ಟುಕೊಳ್ಳಿ. ಆಗ ಸತುವಿನ ಹರಳನ್ನು ಪಕ್ಕದಿಂದ ನೋಡಿದರೆ ಎತ್ತರ 1.856, ಅಗಲ 1.732 ಇರುವ ಪೆಟ್ಟಿಗೆಗಳು ಕಾಣುತ್ತವೆ. ಅವಳಿಯಾದಾಗ ಈ ಪೆಟ್ಟಿಗೆ ಹೆಚ್ಚುಕಡಿಮೆ ಕಾಲು ಸುತ್ತು ತಿರುಗಿ ಅಡ್ಡ ಬಿದ್ದಂತಾಗುತ್ತದೆ. 1.856 ಇದ್ದ ಎತ್ತರ 1.732ಕ್ಕೆ ಇಳಿಯಿತು, 1.732 ಇದ್ದ ಅಗಲ 1.856 ಆಯಿತು. ದಪ್ಪದಲ್ಲಿ ಸುಮಾರು 6.7 ಶೇಕಡ ಕುಗ್ಗು, ಉದ್ದದಲ್ಲಿ ಸುಮಾರು 7.2 ಶೇಕಡ ಹಿಗ್ಗು. ಮಡಿಕೆ ಕೇಳುವುದೂ ಇದನ್ನೇ. ಎರಡು ಅಳತೆಗಳೂ ಹತ್ತಿರ ಹತ್ತಿರ ಇರುವುದರಿಂದ ಈ ಬದಲಾವಣೆಗೆ ಪದರಗಳು ಸರಿಯಬೇಕಾದುದು ಅಲ್ಪ: ಒಂದು ಮಾನ ಎತ್ತರಕ್ಕೆ 0.14 ಮಾನ. ಪರಮಾಣುಗಳು ಒಳಗೊಳಗೇ ತುಸು ಸ್ಥಳ ಹೊಂದಿಸಿಕೊಳ್ಳಬೇಕಾಗುತ್ತದೆ, ಅಷ್ಟೆ. ಘನಾಕೃತಿಯ ಹರಳನ್ನು ಕಾಲು ಸುತ್ತು ತಿರುಗಿಸಿದರೆ ಅದು ಮೊದಲಿನಂತೆಯೇ ಇರುತ್ತದೆ, ಏನೂ ಲಾಭವಿಲ್ಲ. ಅದರ ಅವಳಿ ಬೇರೆ ಬಗೆಯದು, ಅದಕ್ಕೆ 0.71ರಷ್ಟು ಸರಿಯಬೇಕು, ಐದು ಪಟ್ಟು. ಅಗ್ಗದ ಜಾರುವಿಕೆ ಹನ್ನೆರಡು ದಾರಿಗಳಲ್ಲಿ ಸಿಗುವಾಗ ಈ ದುಬಾರಿ ದಾರಿಯನ್ನು ಹಿಡಿಯುವವರಾರು? ಆದರೂ ಘನಾಕೃತಿ ಲೋಹಗಳು ಎಂದೂ ಅವಳಿಯಾಗವು ಎನ್ನುವಂತಿಲ್ಲ. ಕಬ್ಬಿಣವನ್ನು ಬಹಳ ತಣ್ಣಗೆ ಮಾಡಿಯೋ ಸಿಡಿಲಿನಂಥ ಹೊಡೆತದಿಂದಲೋ ಜಾರಲು ಬಿಡದಿದ್ದರೆ ಅದರಲ್ಲೂ ಅವಳಿಪಟ್ಟಿ ಮೂಡುತ್ತದೆ. ಕಬ್ಬಿಣದ ಉಲ್ಕೆಗಳಲ್ಲಿ ಅವನ್ನು ಕಾಣಬಹುದು.

ಷಟ್ಕೋನ ಲೋಹಗಳೆಲ್ಲ ಒಂದೇ ರೀತಿ ಎಂದೂ ತಿಳಿಯಬಾರದು. ಮೆಗ್ನೀಸಿಯಮ್ಮಿನ ಎತ್ತರ 1.624, ಅಗಲಕ್ಕಿಂತ ಕಡಿಮೆ. ಅದರ ಪೆಟ್ಟಿಗೆ ಇದೇ ರೀತಿ ಅಡ್ಡ ಬಿದ್ದರೆ ದಪ್ಪ ಹೆಚ್ಚುತ್ತದೆ. ಸತುವಿನ ಜಾಗದಲ್ಲಿ ಅದಿದ್ದರೆ ಈ ಅವಳಿಯಿಂದ ಮಡಿಕೆಗೆ ಉಪಕಾರವಾಗುತ್ತಿರಲಿಲ್ಲ.

ಈಗ ಲೆಕ್ಕ ಮಾಡೋಣ. ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು ಒಳಗೆ 5 ಮಿ.ಮೀ. ತ್ರಿಜ್ಯದ ದುಂಡುಮೂಲೆಯಾಗಿ ಬಗ್ಗಿಸಿದರೆ ಹೊರಮೈ ಹಿಗ್ಗುವುದು 0.25 ಭಾಗಿಸು 5.25, ಸುಮಾರು 5 ಶೇಕಡ. ಇದು ಅವಳಿ ಕೊಡಬಲ್ಲ 7ರ ಒಳಗಿದೆ. ಸುತ್ತಿಗೆಯಿಂದ ಬಡಿದು 1 ಮಿ.ಮೀ. ತ್ರಿಜ್ಯದ ಚೂಪುಮೂಲೆ ಮಾಡಿದರೆ 0.25 ಭಾಗಿಸು 1.25, ಎಂದರೆ 20 ಶೇಕಡ. ಇಡೀ ಹರಳು ಅವಳಿಯಾಗಿ ಮುಗಿದರೂ ಇಷ್ಟು ಒದಗದು. ಮುಂದೆ ಇನ್ನೂ ಕೆಟ್ಟದ್ದಿದೆ. ಅಡ್ಡ ಬಿದ್ದ ಹರಳಿನ ಹೆಂಚುಪದರಗಳು ಈಗ ಎಳೆತಕ್ಕೆ ಎದುರಾಗಿ ಲಂಬವಾಗಿ ನಿಂತಿವೆ. ಸತು ಸೀಳುವುದು ಇದೇ ಪದರಗಳ ನಡುವೆ. ಎಳೆತ ಅವನ್ನು ಪುಸ್ತಕದ ಹಾಳೆಗಳಂತೆ ಬಿಡಿಸುತ್ತದೆ. ಈ 5, 7ರ ಲೆಕ್ಕವನ್ನು ಗೆರೆ ಎಳೆದಂತೆ ಹಿಡಿಯಬೇಡಿ. ಓರೆಯಾಗಿ ಮಲಗಿದ ಹರಳುಗಳು ಜಾರಿ ಪಾರಾಗುತ್ತವೆ. ಪಕ್ಕದ ಹರಳು ತಡೆದಲ್ಲಿ ಬಿರುಕು ಬೇಗನೆಯೂ ಬರಬಹುದು.

ದೊಡ್ಡ ಹೂವಿರುವ ತಗಡಿನ ತುಂಡೊಂದನ್ನು ಬಗ್ಗಿಸಿ ಗಡಿಯಾರ ರಿಪೇರಿಯವರ ಭೂತಗನ್ನಡಿಯಲ್ಲಿ ನೋಡಿ. ಕೆಲವು ಹೂಗಳಲ್ಲಿ ನೇರವಾದ ಪಟ್ಟಿಗಳು ಕಂಡು ಹೂವಿನ ಗಡಿಯಲ್ಲಿ ನಿಂತುಬಿಡುತ್ತವೆ. ಪಕ್ಕದ ಹೂ ಮಂಕಾಗಿರಬಹುದು, ಇನ್ನೊಂದರಲ್ಲಿ ಕಪ್ಪು ದಾರದಂಥ ಬಿರುಕಿರಬಹುದು. ಪಟ್ಟಿ ಅವಳಿಯದೋ ಜಾರುಗೆರೆಯೋ ಎಂಬುದನ್ನು ಕಣ್ಣಿನಿಂದ ಮಾತ್ರ ಹೇಳಲಾಗದು. ಪ್ರಯೋಗಶಾಲೆಯಲ್ಲಿ ಮೈಯನ್ನು ಉಜ್ಜಿ ನುಣುಪು ಮಾಡಿ ಆಮ್ಲ ಸವರುತ್ತಾರೆ. ಜಾರುಗೆರೆ ಬರಿಯ ಮೆಟ್ಟಿಲು, ಉಜ್ಜಿದರೆ ಹೋಗುತ್ತದೆ. ಅವಳಿಯಲ್ಲಿ ಹರಳಿನ ದಿಕ್ಕೇ ಬೇರೆಯಾಗಿರುವುದರಿಂದ ಆಮ್ಲ ತಾಗಿದೊಡನೆ ಪಟ್ಟಿ ಮತ್ತೆ ಎದ್ದು ಕಾಣುತ್ತದೆ.

ಸತುವಿನ ತಗಡನ್ನೇ ಉರುಳೆಯಲ್ಲಿ ಲಟ್ಟಿಸುವವರು ಅದನ್ನು 100ರಿಂದ 150 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿಕೊಳ್ಳುತ್ತಾರೆ. ಆ ಬಿಸಿಯಲ್ಲಿ ಓರೆಪದರಗಳೂ ಜಾರತೊಡಗುತ್ತವೆ. ಕೂಲರ್ ಕಟ್ಟುವವರು ತಗಡನ್ನು ಕಾಯಿಸುವಂತಿಲ್ಲ. ಅವರ ಕೈಯಲ್ಲಿರುವುದು ಮೂಲೆಯ ದುಂಡು ಮಾತ್ರ. ಕೊರಡಿನ ಚೂಪು ಅಂಚಿನ ಬದಲು ದುಂಡನೆಯ ಸಲಾಕೆಯ ಮೇಲೆ ಮಡಿಚಿದರೆ ಬಿರುಕು ಕಡಿಮೆಯಾಗುತ್ತದೆ. ಸಣ್ಣ ಬಿರುಕಾದರೆ ಸುತ್ತಲಿನ ಸತುವೇ ತಾನು ಸವೆದು ಉಕ್ಕನ್ನು ಕೆಲಕಾಲ ಕಾಯುತ್ತದೆ. ಸದಾ ನೀರಿನಲ್ಲಿ ನೆನೆಯುವ ತೊಟ್ಟಿಯ ಮೂಲೆಯಲ್ಲಿ ಆ ಕಾಲ ಬೇಗ ಮುಗಿಯುತ್ತದೆ.