ನಾಲ್ಕನೇ ವರ್ಷದ ನಲವತ್ತೊಂಬತ್ತು ರೂಪಾಯಿ

ಶೇ 9ರ ಸರಳ ಬಡ್ಡಿ ಲಾಭವೋ, ಶೇ 8ರ ಚಕ್ರಬಡ್ಡಿ ಲಾಭವೋ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಒಂದು ವರ್ಷಕ್ಕಾದರೆ ಒಂದು ಉತ್ತರ, ಐದು ವರ್ಷಕ್ಕಾದರೆ ಇನ್ನೊಂದು. ಕರಪತ್ರಗಳಲ್ಲಿ ಮಾತ್ರ ಕೊನೆಯ ವರ್ಷದ ಮೊತ್ತವನ್ನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ. ನಡುವಿನ ವರ್ಷಗಳಲ್ಲಿ ಏನಾಯಿತು ಎನ್ನುವುದು ಅಲ್ಲಿ ಇರುವುದಿಲ್ಲ. ಠೇವಣಿ ಇಡುವವರಿಗೆ ಬೇಕಾದ ಸಂಗತಿ ಎಷ್ಟೋ ಸಲ ಆ ನಡುವಿನ ವರ್ಷಗಳಲ್ಲೇ ಇರುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ಮೇಡಂ ಆಗಿದ್ದು ನಿವೃತ್ತರಾದ ನನ್ನ ಚಿಕ್ಕಮ್ಮ ಇಂಥದೇ ಒಂದು ಕರಪತ್ರ ತಂದು ನನ್ನ ಮುಂದಿಟ್ಟರು. ಅವರ ಊರಿನ ಪತ್ತಿನ ಸಹಕಾರ ಸಂಘವೊಂದರದು. ಒಂದು ಲಕ್ಷ ರೂಪಾಯಿಯನ್ನು ಐದು ವರ್ಷಕ್ಕೆ ಇಟ್ಟರೆ ಶೇ 9ರ ಸರಳ ಬಡ್ಡಿಯಲ್ಲಿ 1,45,000 ರೂಪಾಯಿ, ಶೇ 8ರ ಚಕ್ರಬಡ್ಡಿಯಲ್ಲಿ 1,46,933 ರೂಪಾಯಿ ಎಂದು ಅದರಲ್ಲಿತ್ತು. ಕೆಳಗೆ ಇನ್ನೊಂದು ಸಾಲು: ಚಕ್ರಬಡ್ಡಿ ಯೋಜನೆಯಲ್ಲಿ ವರ್ಷಕ್ಕೆ ಶೇ 9.39ರಷ್ಟು ಲಾಭ.

“ಒಂಬತ್ತಕ್ಕಿಂತ ಎಂಟು ಹೆಂಗಪ್ಪಾ ಜಾಸ್ತಿ ಆಗುತ್ತೆ? ಆಮೇಲೆ ಅದೇ ಎಂಟು ಒಂಬತ್ತೂಕಾಲಿಗಿಂತ ಮೇಲೆ ಹೋಗಿ ಕೂತಿದೆಯಲ್ಲ!” ಎಂದರು ಚಿಕ್ಕಮ್ಮ.

“ಲೆಕ್ಕ ತಪ್ಪಿಲ್ಲದೇ ಇರಬಹುದು ಚಿಕ್ಕಮ್ಮ. ಬನ್ನಿ, ವರ್ಷ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಬರೆದು ನೋಡೋಣ” ಎಂದೆ.

ಬರೆಯುವ ಕ್ರಮ ಸುಲಭ. ಮೊದಲ ಸಾಲು ಹಣ ಇಟ್ಟ ದಿನದ್ದು, ಅದಕ್ಕೆ ಸೊನ್ನೆ ಎಂದು ಗುರುತು. ಸರಳ ಬಡ್ಡಿಯ ಕಡೆ ಪ್ರತಿ ವರ್ಷ ಅಸಲಿನ ಶೇ 9, ಅಂದರೆ 9,000 ರೂಪಾಯಿ ಕೂಡುತ್ತಾ ಹೋಗಬೇಕು. ಚಕ್ರಬಡ್ಡಿಯ ಕಡೆ ಹಿಂದಿನ ಸಾಲಿನ ಶಿಲ್ಕನ್ನು 1.08ರಿಂದ ಗುಣಿಸಬೇಕು. ಸೂತ್ರ ನೆನಪಿರಬೇಕಾಗಿಲ್ಲ, ಸಾಮಾನ್ಯ ಕ್ಯಾಲ್ಕ್ಯುಲೇಟರ್ ಸಾಕು.

| ವರ್ಷ | ಶೇ 9 ಸರಳ ಬಡ್ಡಿ (ರೂ.) | ಶೇ 8 ಚಕ್ರಬಡ್ಡಿ (ರೂ.) |
|---|---|---|
| 0 | 1,00,000 | 1,00,000 |
| 1 | 1,09,000 | 1,08,000 |
| 2 | 1,18,000 | 1,16,640 |
| 3 | 1,27,000 | 1,25,971.20 |
| 4 | 1,36,000 | 1,36,048.90 |
| 5 | 1,45,000 | 1,46,932.81 |

ಕರಪತ್ರದ ಎರಡೂ ಮೊತ್ತ ಸರಿಯಾಗಿಯೇ ಇವೆ. ಆದರೆ ಪಟ್ಟಿ ಅದಕ್ಕಿಂತ ಹೆಚ್ಚು ಹೇಳುತ್ತದೆ. ಮೊದಲ ಮೂರು ವರ್ಷ ಸರಳ ಬಡ್ಡಿಯೇ ಮುಂದಿದೆ. ಎರಡನೇ ವರ್ಷದ ಕೊನೆಗೆ ಅಂತರ ಅತಿ ಹೆಚ್ಚು, 1,360 ರೂಪಾಯಿ. ನಾಲ್ಕನೇ ವರ್ಷದ ಕೊನೆಗೆ ಚಕ್ರಬಡ್ಡಿ ಮುಂದೆ ಬರುತ್ತದೆ, ಅದೂ ಬರೀ ನಲವತ್ತೊಂಬತ್ತು ರೂಪಾಯಿಯಷ್ಟು. ಅದರ ನಿಜವಾದ ಅನುಕೂಲ ಕಾಣುವುದು ಐದನೇ ವರ್ಷದಲ್ಲಿ ಮಾತ್ರ.

ಹೀಗೇಕೆ ಎಂದು ತಿಳಿಯಬೇಕಾದರೆ ಆಯಾ ವರ್ಷ ಬಂದ ಬಡ್ಡಿಯನ್ನು ಪಕ್ಕದಲ್ಲಿ ಬರೆದುಕೊಳ್ಳಬೇಕು. ಸರಳ ಬಡ್ಡಿ ಪ್ರತಿ ವರ್ಷವೂ 9,000. ಚಕ್ರಬಡ್ಡಿ ಕ್ರಮವಾಗಿ 8,000, 8,640, 9,331.20, 10,077.70 ಮತ್ತು 10,883.91. ಮೂರನೇ ವರ್ಷದಲ್ಲೇ ಚಕ್ರಬಡ್ಡಿಯ ವಾರ್ಷಿಕ ಬಡ್ಡಿ 9,000ವನ್ನು ದಾಟಿದೆ. ಆದರೂ ಆ ವರ್ಷದ ಶಿಲ್ಕು ಹಿಂದೆಯೇ ಇದೆ, ಏಕೆಂದರೆ ಮೊದಲೆರಡು ವರ್ಷದ ಕೊರತೆ ಇನ್ನೂ ತುಂಬಿಲ್ಲ. ಬಡ್ಡಿ ಮುಂದಾಗುವ ವರ್ಷ ಬೇರೆ, ಶಿಲ್ಕು ಮುಂದಾಗುವ ವರ್ಷ ಬೇರೆ. ಕೊನೆಯ ಮೊತ್ತವನ್ನಷ್ಟೇ ನೋಡಿದರೆ ಇದು ಗೊತ್ತಾಗುವುದಿಲ್ಲ.

ಇನ್ನು ಆ ಶೇ 9.39. ಐದು ವರ್ಷದ ಒಟ್ಟು ಬಡ್ಡಿ 46,933 ರೂಪಾಯಿಯನ್ನು ಐದರಿಂದ ಭಾಗಿಸಿದರೆ 9,387 ಬರುತ್ತದೆ, ಅದೇ ಲಕ್ಷಕ್ಕೆ ಶೇ 9.39. ಭಾಗಾಕಾರ ಸರಿ. ಆದರೆ ಅದನ್ನು ಬಡ್ಡಿ ದರವೆಂದು ಓದಿಕೊಂಡರೆ ಮೋಸ ಹೋಗುತ್ತೇವೆ. ಆ ದರ ನಿಜವಾಗಿದ್ದರೆ ಮೊದಲ ವರ್ಷದ ಕೊನೆಗೆ 1,09,387 ಇರಬೇಕಿತ್ತು, ಪಟ್ಟಿಯಲ್ಲಿರುವುದು 1,08,000. ಮೂರನೇ ವರ್ಷಕ್ಕೆ 1,28,160 ಇರಬೇಕಿತ್ತು, ಇರುವುದು 1,25,971. ಇಂಥ ಸರಾಸರಿಯನ್ನು ಬೇರೆ ಬ್ಯಾಂಕಿನ ಶೇ 8.5ರ ಚಕ್ರಬಡ್ಡಿಯ ಪಕ್ಕದಲ್ಲಿಟ್ಟು, ಇದೇ ಹೆಚ್ಚು ಎಂದು ಹಣ ಇಟ್ಟರೆ ನಷ್ಟವೇ. ಇದನ್ನು ಕರಪತ್ರದಲ್ಲಿ ದರದ ಜಾಗದಲ್ಲಿ ಅಚ್ಚು ಹಾಕಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಟ್ಟಿ ಬರೆಯುವವರ ಕೈಯಲ್ಲೂ ಲೆಕ್ಕ ತಪ್ಪಬಹುದು. ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು ಸೊನ್ನೆಯ ಸಾಲು ಬಿಟ್ಟುಹೋಗುವುದು. ಹಣ ಇಟ್ಟ ದಿನವನ್ನೇ ಒಂದನೇ ವರ್ಷವೆಂದು ಬರೆದರೆ ಐದನೇ ಸಾಲಿನಲ್ಲಿ 1,36,049 ನಿಲ್ಲುತ್ತದೆ. ಅದನ್ನು ಸರಳ ಬಡ್ಡಿಯ 1,45,000ದ ಪಕ್ಕ ಇಟ್ಟರೆ ಚಕ್ರಬಡ್ಡಿ ಸುಮಾರು ಒಂಬತ್ತು ಸಾವಿರ ಕಡಿಮೆ ಎನಿಸಿಬಿಡುತ್ತದೆ. ಐದು ವರ್ಷ ಎಂದರೆ ಐದು ಸಲ ಬಡ್ಡಿ ಸೇರಿರಬೇಕು. ಸಾಲುಗಳನ್ನಲ್ಲ, ಬಡ್ಡಿ ಸೇರಿದ ಸಲಗಳನ್ನು ಎಣಿಸಬೇಕು.

ಇನ್ನೊಂದು ತಪ್ಪು, ಚಕ್ರಬಡ್ಡಿಯ ಕಡೆಯೂ ಪ್ರತಿ ಸಲ ಲಕ್ಷದ ಮೇಲೆಯೇ ಶೇ 8 ತೆಗೆಯುವುದು. ಎಕ್ಸೆಲ್‌ನಲ್ಲಿ ಮಾಡುವವರಿಗೆ ಇದು ಒಂದು ಡಾಲರ್ ಚಿಹ್ನೆಯಿಂದ ಆಗುತ್ತದೆ. ಒಂದು ಲಕ್ಷವನ್ನು B2ಯಲ್ಲಿಟ್ಟು, ಕೆಳಗಿನ ಸೂತ್ರವನ್ನು B3ಯಲ್ಲಿ ಬರೆದು ಕೆಳಕ್ಕೆ ಎಳೆದರೆ ಪಟ್ಟಿ ಸರಿಯಾಗಿ ಬರುತ್ತದೆ.

```
=B2*1.08
```

ಅದೇ `=B$2*1.08` ಎಂದಿದ್ದರೆ ಎಲ್ಲ ಸಾಲಿನಲ್ಲೂ 1,08,000 ಎಂದೇ ಬರುತ್ತದೆ. ಕಾಗದದ ಮೇಲೆ ಮಾಡಿದವರು ಬಡ್ಡಿಯ ಸಾಲನ್ನು ನೋಡಬೇಕು. ಸರಳ ಬಡ್ಡಿಯಲ್ಲಿ ಎಲ್ಲ ವರ್ಷದ ಬಡ್ಡಿಯೂ ಒಂದೇ ಇರಬೇಕು. ಚಕ್ರಬಡ್ಡಿಯಲ್ಲಿ ಒಂದು ವರ್ಷದ ಬಡ್ಡಿಯನ್ನು ಹಿಂದಿನ ವರ್ಷದ ಬಡ್ಡಿಯಿಂದ ಭಾಗಿಸಿದರೆ ಪ್ರತಿ ಸಲವೂ 1.08 ಬರಬೇಕು. ಎರಡನೇ ವರ್ಷದ 8,640ರಲ್ಲಿ ಹೆಚ್ಚಾಗಿರುವ 640 ಎಲ್ಲಿಂದ ಬಂತು ಎಂದು ಚಿಕ್ಕಮ್ಮ ತಾವೇ ಹುಡುಕಿದರು: ಮೊದಲ ವರ್ಷದ 8,000 ಬಡ್ಡಿಯ ಮೇಲಿನ ಶೇ 8. “ಬಡ್ಡಿ ಮರಿ ಹಾಕಿದ್ದು ಇಲ್ಲಿ” ಎಂದು ಆ ಸಂಖ್ಯೆಯ ಸುತ್ತ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು.

ಪೈಸೆ ಬಿಡುವುದರಲ್ಲೂ ಎಚ್ಚರ ಬೇಕು. ಪ್ರತಿ ಸಾಲನ್ನು ಹತ್ತಿರದ ರೂಪಾಯಿಗೆ ಸರಿಮಾಡಿದರೆ ಏನೂ ಆಗುವುದಿಲ್ಲ, ಕೊನೆಗೆ 1,46,933 ಬರುತ್ತದೆ. ಆದರೆ ಹತ್ತಿರದ ನೂರಕ್ಕೆ ಸರಿಮಾಡುತ್ತಾ ಹೋದರೆ 1,16,600, ಆಮೇಲೆ 1,25,900, ನಾಲ್ಕನೇ ವರ್ಷಕ್ಕೆ ಸರಿಯಾಗಿ 1,36,000. ಎರಡು ಯೋಜನೆಗಳೂ ಆ ವರ್ಷ ಸಮ ಎಂದು ತೋರುತ್ತದೆ! ನಿಜವಾದ ಅಂತರ ನಲವತ್ತೊಂಬತ್ತೇ ರೂಪಾಯಿ ಇರುವಾಗ ನೂರರ ಲೆಕ್ಕದಲ್ಲಿ ಅದು ಮುಳುಗಿಹೋಗುತ್ತದೆ.

ಬಡ್ಡಿಯನ್ನು ಅಸಲಿಗೆ ಎಷ್ಟು ತಿಂಗಳಿಗೊಮ್ಮೆ ಸೇರಿಸುತ್ತಾರೆ ಎಂಬುದನ್ನೂ ಕೇಳಿಯೇ ಪಟ್ಟಿ ಬರೆಯಬೇಕು. ಬ್ಯಾಂಕುಗಳ ಠೇವಣಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರಿಸುತ್ತಾರೆ. ಆಗ ಶೇ 8 ಎಂದರೆ ಮೂರು ತಿಂಗಳಿಗೆ ಶೇ 2. ವರ್ಷಕ್ಕೆ ನಾಲ್ಕು ಸಾಲು: 1,02,000, ನಂತರ 1,04,040, 1,06,120.80, ವರ್ಷದ ಕೊನೆಗೆ 1,08,243.22. ಹೀಗೆ ಮುಂದುವರಿಸಿದರೆ ಐದನೇ ವರ್ಷಕ್ಕೆ 1,48,595 ಆಗುತ್ತದೆ. ಮೂರನೇ ವರ್ಷದ ಕೊನೆಗೆ ಮಾತ್ರ 1,26,824. ಆಗಲೂ ಸರಳ ಬಡ್ಡಿಗಿಂತ 176 ರೂಪಾಯಿ ಕಡಿಮೆಯೇ.

ಚಿಕ್ಕಮ್ಮನ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಸಿಕ್ಕಿದ್ದು ಅರ್ಜಿ ಫಾರಂನ ಹಿಂಬದಿಯಲ್ಲಿ. ಸರಳ ಬಡ್ಡಿ ಯೋಜನೆಯಲ್ಲಿ ಬಯಸಿದವರು ಬಡ್ಡಿಯನ್ನು ವರ್ಷಕ್ಕೊಮ್ಮೆ ಪಡೆಯಬಹುದು ಎಂದು ಅಲ್ಲಿತ್ತು. ಅಂದರೆ ಮೊದಲ ವರ್ಷದ 9,000 ರೂಪಾಯಿ ಉಳಿದ ನಾಲ್ಕು ವರ್ಷ ಸಂಘದಲ್ಲಿ ಸುಮ್ಮನೆ ಬಿದ್ದಿರಬೇಕಿಲ್ಲ, ಚಿಕ್ಕಮ್ಮನ ಕೈಗೆ ಬರುತ್ತದೆ. ಆಗ ನಮ್ಮ ಪಟ್ಟಿಯ ಸರಳ ಬಡ್ಡಿಯ ಅಂಕಣ ಅವರ ನಿಜವಾದ ಸ್ಥಿತಿಯನ್ನು ತೋರಿಸುವುದಿಲ್ಲ.

ಅದಕ್ಕೆ ಇನ್ನೊಂದು ಪಟ್ಟಿ ಬರೆದೆವು. ಪ್ರತಿ ವರ್ಷದ 9,000ವನ್ನು ಉಳಿತಾಯ ಖಾತೆಗೆ ಹಾಕಿ, ಅಲ್ಲಿ ಶೇ 3 ಬಡ್ಡಿ ಎಂದಿಟ್ಟುಕೊಂಡೆವು. ಉಳಿತಾಯ ಖಾತೆಯಲ್ಲಿ ಮೊದಲ ವರ್ಷದ ಕೊನೆಗೆ 9,000, ಎರಡನೇ ವರ್ಷ 18,270, ಆಮೇಲೆ 27,818, 37,653, ಐದನೇ ವರ್ಷ 47,782. ಲಕ್ಷದ ಅಸಲು ಸೇರಿದರೆ 1,47,782 ರೂಪಾಯಿ. ಶೇ 8ರ ಚಕ್ರಬಡ್ಡಿಯ 1,46,933ಕ್ಕಿಂತ 849 ರೂಪಾಯಿ ಹೆಚ್ಚು! ಕರಪತ್ರದ ಹೋಲಿಕೆ ತಲೆಕೆಳಗಾಯಿತು. ಆದರೆ ಇದು ಆ ಹಣವನ್ನು ಮುಟ್ಟದೆ ಇಟ್ಟರೆ ಮಾತ್ರ. ವರ್ಷ ವರ್ಷವೂ ಖರ್ಚು ಮಾಡುವವರಿಗೆ ಕೊನೆಯ ಮೊತ್ತವನ್ನು ಹೋಲಿಸುವುದರಲ್ಲಿ ಅರ್ಥವೇ ಇಲ್ಲ, ಏಕೆಂದರೆ ಅವರು ಐದು ಸಲ 9,000ದ ಉಪಯೋಗ ಪಡೆದಿರುತ್ತಾರೆ. ಈ ಯಾವ ಪಟ್ಟಿಯಲ್ಲೂ ಆದಾಯ ತೆರಿಗೆ ಸೇರಿಲ್ಲ ಎಂಬುದೂ ನೆನಪಿರಲಿ.

“ಮೂರನೇ ವರ್ಷಕ್ಕೆ ಹೆಂಚು ತೆಗೆಸಿ ಆರ್‌ಸಿಸಿ ಹಾಕಿಸಬೇಕು ಅಂತಿದ್ದೀನಿ ಕಣೋ” ಎಂದರು ಚಿಕ್ಕಮ್ಮ. ಹಾಗಾದರೆ ನೋಡಬೇಕಾದ್ದು ಮೂರನೇ ಸಾಲು, ಐದನೆಯದಲ್ಲ. ಅವಧಿಗೆ ಮುಂಚೆ ಠೇವಣಿ ಮುರಿಸಿದರೆ ಸಾಮಾನ್ಯವಾಗಿ ದರ ಇಳಿಸುತ್ತಾರೆ. ಶೇ 8ರ ಜಾಗದಲ್ಲಿ ಶೇ 7 ಕೊಟ್ಟರೆ 1,25,971ರಲ್ಲಿ ಒಂದು ಶೇಕಡಾ ಕಳೆದರೆ ಆಗುವುದಿಲ್ಲ, ಸೊನ್ನೆಯ ಸಾಲಿನಿಂದ 1.07ರಲ್ಲಿ ಹೊಸದಾಗಿ ಗುಣಿಸಬೇಕು. ಆಗ ಕೈಗೆ ಸಿಗುವುದು 1,22,504. ಸುಮಾರು ಮೂರೂವರೆ ಸಾವಿರದ ವ್ಯತ್ಯಾಸ.

ಪಟ್ಟಿ ಪರೀಕ್ಷಿಸುವುದು ಲೆಕ್ಕವನ್ನು ಮಾತ್ರ, ಹಣ ಇಟ್ಟ ಸಂಸ್ಥೆಯನ್ನಲ್ಲ. ಬ್ಯಾಂಕಿನಲ್ಲಿ, ಸಹಕಾರಿ ಬ್ಯಾಂಕಿನಲ್ಲೂ ಸಹ, ಒಬ್ಬರ ಠೇವಣಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇದನ್ನು ಕೇಳಿ ಚಿಕ್ಕಮ್ಮ ಕರಪತ್ರ ಮಡಚಿಟ್ಟು, ಬ್ಯಾಂಕಿನ ಮೂರು ವರ್ಷದ ಠೇವಣಿಯ ದರ ಎಷ್ಟು, ಬಡ್ಡಿ ಯಾವಾಗ ಯಾವಾಗ ಸೇರಿಸುತ್ತಾರೆ ಎಂದು ವಿಚಾರಿಸಿಕೊಂಡು ಬಂದರು. ಆ ದರಕ್ಕೆ ಹದಿಮೂರು ಸಾಲಿನ ಪಟ್ಟಿಯನ್ನು ಈ ಸಲ ಅವರೇ ಬರೆದಿದ್ದರು, ಸೊನ್ನೆಯ ಸಾಲಿನ ಸಮೇತ.